ಮಂಜುಳಾಳ 2,214 ರೂಪಾಯಿ ಎಲ್ಲಿ ಹೋಯಿತು?

ಪೀಣ್ಯದ ಒಂದು ಸಣ್ಣ ಕಾರ್ಖಾನೆ ಎಂದಿಟ್ಟುಕೊಳ್ಳಿ. 2025ರ ಅಕ್ಟೋಬರ್ 7, ಸೆಪ್ಟೆಂಬರ್ ಸಂಬಳ ಬ್ಯಾಂಕಿಗೆ ಬಿದ್ದ ದಿನ. ಪ್ಯಾಕಿಂಗ್ ವಿಭಾಗದ ಮಂಜುಳಾ ಊಟದ ಬಿಡುವಿನಲ್ಲಿ ಪೇ ಸ್ಲಿಪ್ ಹಿಡಿದು ಎಚ್‌ಆರ್ ಕೋಣೆಗೆ ಬಂದಿದ್ದಾಳೆ. ಒಳಗೆ ಕೂತಿರುವ ಹುಡುಗ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದೆ.

"ಸರ್, ಆಗಸ್ಟಿಂದ ಎರಡು ಸಾವಿರ ಜಾಸ್ತಿ ಅಂದ್ರಿ. ಆಗಸ್ಟ್ ತಿಂಗಳದ್ದು ಬಾಕಿನೂ ಇದರಲ್ಲೇ ಬರುತ್ತೆ ಅಂದ್ರಿ. ಹೋದ ತಿಂಗಳು 18,050 ಬಂದಿತ್ತು. ಈ ಸಲ 22,050 ಬರಬೇಕಲ್ವಾ? 19,836 ಬಂದಿದೆ."

"ಸಿಸ್ಟಮ್ಮೇ ಲೆಕ್ಕ ಹಾಕೋದು ಮಂಜುಳಕ್ಕ, ಸರಿಯಾಗೇ ಇರುತ್ತೆ" ಎಂದು ಹುಡುಗ ಹೇಳುತ್ತಾನೆ. ಲೆಕ್ಕ ನಿಜಕ್ಕೂ ಸರಿಯಾಗಿದೆ. ಆದರೆ ಏಕೆ ಸರಿ ಎಂದು ಅವನಿಗೆ ಹೇಳಲು ಬರುವುದಿಲ್ಲ. ವ್ಯತ್ಯಾಸ 2,214 ರೂಪಾಯಿ. ಇಷ್ಟನ್ನು ಕಾಗದದ ಮೇಲೆ ಬಿಡಿಸಿ ತೋರಿಸಬಲ್ಲವನಿಗೆ ಸಂಬಳದ ಲೆಕ್ಕದ ಮುಕ್ಕಾಲು ಭಾಗ ಬಂದಂತೆಯೇ. ನಾವೂ ಅದನ್ನೇ ಬಿಡಿಸೋಣ.

ಮೂರು ಮೊತ್ತ, ಒಂದೇ ಹೆಸರು

'ಸಂಬಳ' ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಮೊತ್ತಗಳನ್ನು ಕರೆಯುತ್ತೇವೆ. ಕೆಲಸಕ್ಕೆ ಸೇರುವಾಗ ಕೊಡುವ ಪತ್ರದಲ್ಲಿ ಇರುವುದು ಸಾಮಾನ್ಯವಾಗಿ ಸಿಟಿಸಿ, ಅಂದರೆ ಒಬ್ಬ ನೌಕರನಿಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು. ಪಿಎಫ್ ಮತ್ತು ಇಎಸ್‌ಐಗೆ ಕಂಪನಿ ತನ್ನ ಕೈಯಿಂದ ಕಟ್ಟುವ ಪಾಲೂ ಅದರಲ್ಲಿ ಸೇರಿರುತ್ತದೆ. ಆ ಪಾಲನ್ನು ತೆಗೆದರೆ ಉಳಿಯುವುದು ಗ್ರಾಸ್. ಬೇಸಿಕ್, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಇತರ ಭತ್ಯೆಗಳು ಸೇರಿ ನೌಕರನ ಹೆಸರಿಗೆ ದುಡಿಮೆಯಾಗಿ ಬರುವ ಮೊತ್ತ ಅದು. ಗ್ರಾಸ್‌ನಿಂದ ನೌಕರನ ಪಾಲಿನ ಕಡಿತಗಳನ್ನು ಕಳೆದರೆ ಕೈಗೆ ಸಿಗುವುದು ನೆಟ್.

ಮಂಜುಳಾಳ ಹಳೆಯ ಗ್ರಾಸ್ 20,000. ಅದರಲ್ಲಿ ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 16,000, ಮನೆ ಬಾಡಿಗೆ ಭತ್ಯೆ 3,000, ಎಲ್ಲರಿಗೂ ಕೊಡುವ ವಿಶೇಷ ಭತ್ಯೆ 1,000. ಇದರಿಂದ ಪಿಎಫ್ 1,800, ಇಎಸ್‌ಐ 150 ಹೋಗಿ ಕೈಗೆ 18,050 ಬರುತ್ತಿತ್ತು.

ಪಿಎಫ್ ನೂರಕ್ಕೆ 12 ಎಂದು ಎಲ್ಲರಿಗೂ ಗೊತ್ತು. ಹಾಗಾದರೆ 20,000ಕ್ಕೆ 2,400 ಆಗಬೇಕಿತ್ತಲ್ಲ, 1,800 ಏಕೆ? ಹೊಸಬರು ಕಲಿಯಬೇಕಾದ ಮೊದಲ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ: ನೂರಕ್ಕೆ ಎಷ್ಟು ಎಂಬುದಿರಲಿ, ಯಾವ ಮೊತ್ತದ ಮೇಲೆ? ಪ್ರತಿಯೊಂದು ಕಡಿತವೂ ಗ್ರಾಸ್‌ನೊಳಗೆ ತನಗೆ ಬೇಕಾದ ಭಾಗವನ್ನಷ್ಟೇ ನೋಡುತ್ತದೆ. ಶೇಕಡಾವಾರು ತಪ್ಪುವವರು ಕಡಿಮೆ, ಯಾವ ಮೊತ್ತಕ್ಕೆ ಹಾಕಬೇಕು ಎಂಬಲ್ಲಿ ತಪ್ಪುವವರೇ ಹೆಚ್ಚು.

ಪಿಎಫ್ ನೋಡುವ ಮೊತ್ತ

ಪಿಎಫ್ ಲೆಕ್ಕಕ್ಕೆ ಮನೆ ಬಾಡಿಗೆ ಭತ್ಯೆ ಬರುವುದಿಲ್ಲ. ಆದರೆ ವಿಶೇಷ ಭತ್ಯೆ ಬರುತ್ತದೆ. ಹಿಂದೆ ಅನೇಕ ಕಂಪನಿಗಳು ಬೇಸಿಕ್ ಅನ್ನು ಚಿಕ್ಕದಾಗಿಟ್ಟು, ಉಳಿದದ್ದನ್ನು 'ವಿಶೇಷ ಭತ್ಯೆ' ಎಂದು ಕರೆದು ಪಿಎಫ್ ಉಳಿಸುತ್ತಿದ್ದವು. ಒಂದು ವರ್ಗದ ನೌಕರರಿಗೆಲ್ಲ ಸಮನಾಗಿ ಕೊಡುವ, ಹೆಚ್ಚು ದುಡಿದದ್ದಕ್ಕೆ ಸಂಬಂಧವಿಲ್ಲದ ಭತ್ಯೆ ಮೂಲ ವೇತನದ ಭಾಗವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 28ರಂದು ವಿವೇಕಾನಂದ ವಿದ್ಯಾಮಂದಿರದ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ ಆ ದಾರಿ ಮುಚ್ಚಿತು. ಹೀಗಾಗಿ ಮಂಜುಳಾಳ ಪಿಎಫ್ ವೇತನ 16,000 ಮತ್ತು 1,000 ಸೇರಿ 17,000.

ಇದರ ಮೇಲೆ ಒಂದು ಮಿತಿ ಇದೆ. 2014ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 15,000 ರೂಪಾಯಿವರೆಗಿನ ವೇತನಕ್ಕೆ ಪಿಎಫ್ ಕಡ್ಡಾಯ. ಅದಕ್ಕಿಂತ ಮೇಲಿನ ವೇತನಕ್ಕೆ ಕಟ್ಟುವುದು ಕಂಪನಿ ಮತ್ತು ನೌಕರರ ಒಪ್ಪಂದಕ್ಕೆ ಬಿಟ್ಟದ್ದು. ಈ ಕಾರ್ಖಾನೆ ಮಿತಿಯವರೆಗೆ ಮಾತ್ರ ಕಟ್ಟುತ್ತದೆ. 15,000ಕ್ಕೆ ನೂರಕ್ಕೆ 12ರಂತೆ 1,800. ಕಂಪನಿಯೂ ಅಷ್ಟೇ ಹಾಕುತ್ತದೆ. ಆದರೆ ಅದರಲ್ಲಿ 1,250 ಪಿಂಚಣಿ ನಿಧಿಗೆ ಹೋಗಿ, ಪಿಎಫ್ ಖಾತೆಗೆ ಸೇರುವುದು 550 ಮಾತ್ರ. 'ಕಂಪನಿಯವರು ನನ್ನಷ್ಟು ಕಟ್ಟುತ್ತಿಲ್ಲ' ಎಂದು ಪಾಸ್‌ಬುಕ್ ನೋಡಿ ಜಗಳಕ್ಕೆ ಬರುವವರಿಗೆ ಹೇಳಬೇಕಾದ ಉತ್ತರವೂ ಇದೇ.

ಇಎಸ್‌ಐ ನೋಡುವ ಮೊತ್ತ, ನೋಡುವ ದಿನ

ಸೆಪ್ಟೆಂಬರ್ 2025ರಲ್ಲಿ ಜಾರಿಯಲ್ಲಿದ್ದ ನಿಯಮದಂತೆ ಇಎಸ್‌ಐ ಮನೆ ಬಾಡಿಗೆ ಭತ್ಯೆಯನ್ನೂ ಸೇರಿಸಿಕೊಂಡು ಮಂಜುಳಾಳ ಪೂರ್ತಿ ಗ್ರಾಸ್ ನೋಡುತ್ತದೆ. ನೌಕರರ ಪಾಲು ನೂರಕ್ಕೆ 0.75, ಕಂಪನಿಯದು 3.25. ಪೈಸೆ ಬಂದರೆ ಮುಂದಿನ ರೂಪಾಯಿಗೆ ಏರಿಸಬೇಕು. 20,000ಕ್ಕೆ 150 ಆದದ್ದು ಹೀಗೆ.

ಇಲ್ಲಿನ ಮಿತಿ ತಿಂಗಳಿಗೆ 21,000. ಆಗಸ್ಟ್ 1ರಿಂದ ಮಂಜುಳಾಳ ಗ್ರಾಸ್ 22,000 ಆಯಿತು. ಅಂದ ಮೇಲೆ ಅವಳು ಇಎಸ್‌ಐನಿಂದ ಹೊರಗೆ ಹೋದಳಲ್ಲ? ಇಲ್ಲ. ಹೊಸಬರು ಅತಿ ಹೆಚ್ಚು ಎಡವುವ ಕಲ್ಲು ಇದೇ. ಇಎಸ್‌ಐ ವರ್ಷವನ್ನು ಎರಡು ಅವಧಿಯಾಗಿ ಒಡೆಯುತ್ತದೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ಆರಂಭದಲ್ಲಿ ಮಿತಿಯೊಳಗೆ ಇದ್ದವರು, ನಡುವೆ ಸಂಬಳ ಎಷ್ಟೇ ಏರಲಿ, ಆ ಅವಧಿ ಮುಗಿಯುವವರೆಗೂ ಒಳಗೇ ಇರುತ್ತಾರೆ. ಕಡಿತ 21,000ಕ್ಕೆ ನಿಲ್ಲುವುದೂ ಇಲ್ಲ, ಬಂದ ಪೂರ್ತಿ ವೇತನದ ಮೇಲೆ ಆಗುತ್ತದೆ. ಹಾಗಾಗಿ ಮಂಜುಳಾಗೆ ಸೆಪ್ಟೆಂಬರ್ 30ರವರೆಗೆ ಇಎಸ್‌ಐ ಕಡಿಯಲೇಬೇಕು.

'ಕಡಿಯದಿದ್ದರೆ ಅವಳಿಗೇ ಲಾಭವಲ್ಲವೇ' ಎನ್ನಬೇಡಿ. ಆ ತಿಂಗಳಲ್ಲಿ ಕಡಿಯದೆ ಬಿಟ್ಟ ನೌಕರರ ಪಾಲನ್ನು ಮುಂದಿನ ತಿಂಗಳ ಸಂಬಳದಿಂದ ವಸೂಲಿ ಮಾಡಲು ಇಎಸ್‌ಐ ಕಾನೂನು ಬಿಡುವುದಿಲ್ಲ. ತಪಾಸಣೆಯಲ್ಲಿ ಸಿಕ್ಕಾಗ ಎರಡೂ ಪಾಲನ್ನು ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯೊಂದಿಗೆ ಕಂಪನಿಯೇ ತುಂಬಬೇಕು.

ಮೂರು ದಿನದ ಬೆಲೆ

ಈಗ ಸೆಪ್ಟೆಂಬರ್‌ಗೆ ಬರೋಣ. ಆ ತಿಂಗಳು ಮಂಜುಳಾ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಳು. ಅವಳ ಖಾತೆಯಲ್ಲಿ ರಜೆ ಉಳಿದಿರಲಿಲ್ಲ. ಮೂರು ದಿನ ಸಂಬಳವಿಲ್ಲದ ರಜೆ, ಕಚೇರಿ ಭಾಷೆಯಲ್ಲಿ ಎಲ್‌ಒಪಿ. ಒಂದು ದಿನದ ಸಂಬಳ ಎಷ್ಟು?

22,000ವನ್ನು ತಿಂಗಳ 30 ದಿನಕ್ಕೆ ಭಾಗಿಸಿದರೆ ಮೂರು ದಿನಕ್ಕೆ 2,200 ಆಗುತ್ತದೆ. 26ಕ್ಕೆ ಭಾಗಿಸಿದರೆ 2,538. ವ್ಯತ್ಯಾಸ 338 ರೂಪಾಯಿ. ತಿಂಗಳ ಸಂಬಳದವರಿಗೆ ಎರಡು ಪದ್ಧತಿಯೂ ಬಳಕೆಯಲ್ಲಿವೆ. ಆದರೆ ಅವುಗಳ ತರ್ಕ ಬೇರೆ. 30 ಎಂದರೆ ವಾರದ ರಜೆಯ ದಿನಕ್ಕೂ ಸಂಬಳ ಹಂಚಿದ್ದೇವೆ ಎಂದರ್ಥ. 26 ಎಂದರೆ ಕೆಲಸದ ದಿನಗಳಿಗೆ ಮಾತ್ರ ಹಂಚಿದ್ದೇವೆ ಎಂದರ್ಥ. ಒಂದನ್ನು ಆರಿಸಿ, ಕಂಪನಿಯ ನಿಯಮದಲ್ಲಿ ಬರೆದು, ವರ್ಷಪೂರ್ತಿ ಎಲ್ಲರಿಗೂ ಅದನ್ನೇ ಹಾಕಬೇಕು.

ಎರಡನ್ನೂ ಬೆರೆಸಿದಾಗ ತಪ್ಪಾಗುತ್ತದೆ. ಯಾರೋ ಶುಕ್ರವಾರದಿಂದ ಸೋಮವಾರದವರೆಗೆ ಬಂದಿಲ್ಲ ಎನ್ನಿ. ಭಾಜಕ 26 ಇಟ್ಟುಕೊಂಡು, ನಡುವಿನ ಭಾನುವಾರವನ್ನೂ ಸೇರಿಸಿ ನಾಲ್ಕು ದಿನ ಕಡಿದರೆ, ಸಂಬಳವೇ ಹಂಚದ ದಿನಕ್ಕೂ ಸಂಬಳ ಕಡಿದಂತಾಯಿತು. ಹಾಜರಿ ಯಂತ್ರ ನಾಲ್ಕು ಗೈರು ಎಂದು ತೋರಿಸುತ್ತದೆ, ತಂತ್ರಾಂಶ 26ಕ್ಕೆ ಭಾಗಿಸುತ್ತದೆ, ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಅವುಗಳ ನಡುವೆ ಕೂತ ಮನುಷ್ಯ ನೋಡದಿದ್ದರೆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಂಜುಳಾಳ ಕಾರ್ಖಾನೆ ತಿಂಗಳ ನಿಜವಾದ ದಿನಗಳಿಗೇ ಭಾಗಿಸುತ್ತದೆ. ಸೆಪ್ಟೆಂಬರ್‌ಗೆ 30 ದಿನ, ಅವಳಿಗೆ ಸಂಬಳದ ದಿನ 27.

ಈಗ ಕಾಗದದ ಮೇಲೆ

ಹೊಸ ಗ್ರಾಸ್ 22,000ದಲ್ಲಿ ಬೇಸಿಕ್ ಮತ್ತು ತುಟ್ಟಿಭತ್ಯೆ 17,600, ಮನೆ ಬಾಡಿಗೆ ಭತ್ಯೆ 3,300, ವಿಶೇಷ ಭತ್ಯೆ 1,100. ಇವನ್ನು 27 ದಿನಕ್ಕೆ ಇಳಿಸಿದರೆ ಕ್ರಮವಾಗಿ 15,840, 2,970 ಮತ್ತು 990. ಒಟ್ಟು 19,800. ಆಗಸ್ಟ್ ತಿಂಗಳ ಬಾಕಿ 2,000 ಸೇರಿಸಿದರೆ ಸೆಪ್ಟೆಂಬರ್‌ನ ಗ್ರಾಸ್ 21,800.

ಪಿಎಫ್: 15,840 ಮತ್ತು 990 ಸೇರಿ 16,830. ಇದು 15,000 ದಾಟಿದೆ, ಆದ್ದರಿಂದ 1,800. ಇಲ್ಲೊಂದು ಸೂಕ್ಷ್ಮವಿದೆ. 'ಮೂರು ದಿನ ಬಂದಿಲ್ಲ, ಆದ್ದರಿಂದ 15,000ದ ಮಿತಿಯನ್ನೂ 27 ದಿನಕ್ಕೆ ಇಳಿಸಿ 13,500 ಮಾಡೋಣ' ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಆಗ ಪಿಎಫ್ 1,620ಕ್ಕೆ ಇಳಿದು, ಅವಳ ಪಾಲಿನಲ್ಲಿ 180, ಕಂಪನಿ ಪಾಲಿನಲ್ಲಿ 180 ಕಡಿಮೆ ಬೀಳುತ್ತದೆ. ಹಾಜರಿಗೆ ತಕ್ಕಂತೆ ಇಳಿಯುವುದು ವೇತನ, ಮಿತಿಯಲ್ಲ. ಆಗಸ್ಟ್ ಬಾಕಿಗೆ ಬೇರೆ ಪಿಎಫ್ ಏಕಿಲ್ಲ ಎಂದರೆ, ಆಗಸ್ಟ್‌ನಲ್ಲೇ ಅವಳು ಮಿತಿ ಮುಟ್ಟಿ 1,800 ಕಟ್ಟಿಯಾಗಿದೆ.

ಇಎಸ್‌ಐ: 21,800ಕ್ಕೆ 163 ರೂಪಾಯಿ 50 ಪೈಸೆ, ಏರಿಸಿದರೆ 164. ಬಾಕಿ ಹಣವೂ ವೇತನವೇ, ಅದನ್ನು ಬಿಡುವಂತಿಲ್ಲ.

ವೃತ್ತಿ ತೆರಿಗೆ: ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಮಾತ್ರ. ಅವರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300, ವರ್ಷಕ್ಕೆ 2,500. ಮಂಜುಳಾಗೆ ಇದಿಲ್ಲ.

21,800ರಿಂದ 1,800 ಮತ್ತು 164 ಕಳೆದರೆ 19,836. ಅವಳು ನಿರೀಕ್ಷಿಸಿದ್ದು 22,050. ನಡುವಿನ 2,214ರಲ್ಲಿ 2,200 ಮೂರು ದಿನದ ರಜೆಗೆ ಹೋಯಿತು, 14 ರೂಪಾಯಿ ಇಎಸ್‌ಐ 150ರಿಂದ 164ಕ್ಕೆ ಏರಿದ್ದಕ್ಕೆ ಹೋಯಿತು. ಇಷ್ಟೇ.

ವರ್ಷವನ್ನು ನೋಡುವ ಕಡಿತ

ಮಂಜುಳಾಳ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಆದರೆ ಅದೇ ಕಾರ್ಖಾನೆಯ ಎಂಜಿನಿಯರಿಗೆ ಬರುತ್ತದೆ, ಮತ್ತು ಟಿಡಿಎಸ್‌ನ ಸ್ವಭಾವವೇ ಬೇರೆ. ಪಿಎಫ್, ಇಎಸ್‌ಐ ಆ ತಿಂಗಳ ದುಡಿಮೆ ನೋಡಿದರೆ, ಟಿಡಿಎಸ್ ಇಡೀ ಹಣಕಾಸು ವರ್ಷವನ್ನು ಅಂದಾಜು ಮಾಡಿ, ಬರುವ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಹಂಚುತ್ತದೆ.

ಹಾಗಾಗಿ ಇಲ್ಲಿನ ತಪ್ಪು ವರ್ಷದ ನಡುವೆ ಕೆಲಸ ಬದಲಿಸಿದವರಲ್ಲಿ ಕಾಣಿಸುತ್ತದೆ. 2025–26ರಲ್ಲಿ ಒಬ್ಬರು ಮೊದಲ ಆರು ತಿಂಗಳು ಹಳೆಯ ಕಂಪನಿಯಲ್ಲಿ 7 ಲಕ್ಷ, ನಂತರದ ಆರು ತಿಂಗಳು ಹೊಸ ಕಂಪನಿಯಲ್ಲಿ 7 ಲಕ್ಷ ಪಡೆದರು ಎನ್ನಿ. ಹೊಸ ಪದ್ಧತಿಯಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, 14 ಲಕ್ಷಕ್ಕೆ ಸೆಸ್ ಸೇರಿ 81,900 ತೆರಿಗೆ. ಹಳೆಯ ಕಂಪನಿ ವರ್ಷದ ಅಂದಾಜು ಹಾಕಿ ಅದರ ಅರ್ಧ, 40,950 ಕಡಿದಿರುತ್ತದೆ. ಹೊಸ ಕಂಪನಿಯ ಎಚ್‌ಆರ್ ಹಿಂದಿನ ಸಂಬಳದ ವಿವರ ಕೇಳದಿದ್ದರೆ, ಅವರ ಕಣ್ಣಿಗೆ ಕಾಣುವುದು 7 ಲಕ್ಷ ಮಾತ್ರ. 12 ಲಕ್ಷದ ರಿಯಾಯಿತಿಯೊಳಗೆ ಬಂತೆಂದು ಒಂದು ಪೈಸೆಯನ್ನೂ ಕಡಿಯುವುದಿಲ್ಲ. ಉಳಿದ 40,950 ರಿಟರ್ನ್ಸ್ ಸಲ್ಲಿಸುವ ದಿನ, ಬಡ್ಡಿಯ ಜೊತೆಗೆ, ನೌಕರರ ತಲೆ ಮೇಲೆ ಬೀಳುತ್ತದೆ. ಸೇರಿದ ದಿನವೇ ಹಳೆಯ ಉದ್ಯೋಗದ ಸಂಬಳ ಮತ್ತು ಕಡಿದ ತೆರಿಗೆಯ ವಿವರವನ್ನು ಬರವಣಿಗೆಯಲ್ಲಿ ತೆಗೆದುಕೊಂಡರೆ ಇದು ಆಗುವುದಿಲ್ಲ.

ತಪ್ಪು ಹೊರಗೆ ಹೋಗುವ ಮುನ್ನ

ಸಂಬಳದ ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಲೆಕ್ಕಕ್ಕೂ ಮೊದಲು, ಒಳಗೆ ಬರುವ ಮಾಹಿತಿಯಲ್ಲಿ. ಅನೇಕ ಕಡೆ 25ನೇ ತಾರೀಕಿಗೆ ಹಾಜರಿ ಮುಚ್ಚಿ, ಉಳಿದ ದಿನಗಳಿಗೆ ಎಲ್ಲರೂ ಬಂದಿದ್ದಾರೆ ಎಂದಿಟ್ಟುಕೊಂಡು ಸಂಬಳ ಮಾಡುತ್ತಾರೆ. 28ರಂದು ಕೆಲಸ ಬಿಟ್ಟವರ ಸುದ್ದಿ ಎಚ್‌ಆರ್‌ಗೆ ತಲುಪುವಷ್ಟರಲ್ಲಿ ಬ್ಯಾಂಕಿಗೆ ಪಟ್ಟಿ ಹೋಗಿರುತ್ತದೆ. ಮೇಲಧಿಕಾರಿ ಸಹಿ ಮಾಡಿದ ಇನ್‌ಕ್ರಿಮೆಂಟ್ ಪತ್ರ ಇನ್ಯಾರದೋ ಮೇಜಿನ ಮೇಲೆ ಉಳಿದಿರುತ್ತದೆ.

ಇದನ್ನು ಹಿಡಿಯಲು ಹಳೆಯ ಲೆಕ್ಕಿಗರು ಒಂದು ಸರಳ ಉಪಾಯ ಮಾಡುತ್ತಿದ್ದರು. ತಂತ್ರಾಂಶ ಕೊಟ್ಟ ಮೊತ್ತ ನೋಡುವ ಮೊದಲೇ, ಎಷ್ಟು ಬರಬೇಕು ಎಂದು ತಾವೇ ಬರೆದಿಟ್ಟುಕೊಳ್ಳುತ್ತಿದ್ದರು. 60 ಜನರ ಕಾರ್ಖಾನೆಯಲ್ಲಿ ಹೋದ ತಿಂಗಳು, ರಜೆಕಡಿತಕ್ಕೆ ಮೊದಲು, ಒಟ್ಟು ಗ್ರಾಸ್ 14,40,000 ಇತ್ತೆನ್ನಿ. ಈ ತಿಂಗಳು ಹೊಸದಾಗಿ ಸೇರಿದ ಇಬ್ಬರಿಗೆ 41,000 ಕೂಡಿಸಿ. ಬಿಟ್ಟುಹೋದ ಒಬ್ಬರ 24,000 ಕಳೆಯಿರಿ. ಇನ್‌ಕ್ರಿಮೆಂಟ್ ಮತ್ತು ಬಾಕಿ 10,000 ಕೂಡಿಸಿ. ಸಂಬಳವಿಲ್ಲದ ರಜೆ 12,600 ಕಳೆಯಿರಿ. ಬರಬೇಕಾದದ್ದು 14,54,400. ತಂತ್ರಾಂಶ 14,78,400 ತೋರಿಸುತ್ತಿದೆ. ವ್ಯತ್ಯಾಸ ಸರಿಯಾಗಿ 24,000. ಬಿಟ್ಟುಹೋದವರ ಹೆಸರು ಇನ್ನೂ ಪಟ್ಟಿಯಲ್ಲಿದೆ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಆಮೇಲೆ ಒಂದೊಂದೇ ಹೆಸರಿಗೆ ಬನ್ನಿ. ಎಲ್ಲರನ್ನೂ ನೋಡಲು ಸಮಯವಿಲ್ಲದಿದ್ದರೆ, ಹೋದ ತಿಂಗಳಿಗಿಂತ ನೆಟ್ ಬದಲಾದವರನ್ನಷ್ಟೇ ತೆಗೆಯಿರಿ. ಪ್ರತಿ ಬದಲಾವಣೆಗೂ ಒಂದು ಕಾರಣದ ಕಾಗದ ಇರಬೇಕು: ರಜೆ ಅರ್ಜಿ, ಇನ್‌ಕ್ರಿಮೆಂಟ್ ಪತ್ರ, ರಾಜೀನಾಮೆ. ಕಾಗದವಿಲ್ಲದ ಬದಲಾವಣೆ ಇದ್ದರೆ ಬ್ಯಾಂಕಿಗೆ ಕಳಿಸಬೇಡಿ. ಹಾಗೆಯೇ ಬದಲಾಗಬೇಕಿದ್ದೂ ಬದಲಾಗದವರನ್ನು ಹುಡುಕಿ. ಕಾಗದ ಇದೆ, ನೆಟ್ ಹಾಗೆಯೇ ಇದೆ ಎಂದರೆ ಅಲ್ಲೂ ಏನೋ ತಪ್ಪಿದೆ.

ಮೊತ್ತವೇ ಬದಲಾದಾಗ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ 'ವೇತನ' ಎಂಬುದಕ್ಕೆ ಒಂದೇ ವ್ಯಾಖ್ಯೆ. ಮನೆ ಬಾಡಿಗೆ, ಪ್ರಯಾಣ ಭತ್ಯೆ, ಓಟಿ, ಕಮಿಷನ್‌ಗಳಂಥವು ವೇತನದ ಹೊರಗೆ. ಆದರೆ ಹೀಗೆ ಹೊರಗಿಟ್ಟದ್ದು ಒಟ್ಟು ಸಂಭಾವನೆಯ ಅರ್ಧವನ್ನು ದಾಟಿದರೆ, ದಾಟಿದಷ್ಟು ಮತ್ತೆ ವೇತನಕ್ಕೆ ಸೇರುತ್ತದೆ. 40,000ದಲ್ಲಿ ಬೇಸಿಕ್ 14,000, ಉಳಿದ 26,000 ಇಂಥ ಭತ್ಯೆಗಳು ಎಂದರೆ, ಅರ್ಧವಾದ 20,000ಕ್ಕಿಂತ ಹೆಚ್ಚಿನ 6,000 ಒಳಗೆ ಬಂದು ವೇತನ 20,000 ಆಗುತ್ತದೆ. ಈ ಲೇಖನದಲ್ಲಿ ಮಂಜುಳಾಗೆ ಹಾಕಿದ ಲೆಕ್ಕ ಸೆಪ್ಟೆಂಬರ್ 2025ರದ್ದು. ಇಂದು ಲೆಕ್ಕ ಹಾಕುವವರು ಪ್ರತಿ ಕಡಿತಕ್ಕೂ ಈಗ ಜಾರಿಯಲ್ಲಿರುವ ಮಿತಿ ಮತ್ತು ವ್ಯಾಖ್ಯೆಯನ್ನು ಮೊದಲು ನೋಡಿಕೊಳ್ಳಬೇಕು. ದರ ಬದಲಾದರೆ ಪತ್ರಿಕೆಯಲ್ಲಿ ಬರುತ್ತದೆ. ಯಾವ ಮೊತ್ತದ ಮೇಲೆ ಎಂಬುದು ಬದಲಾದರೆ ಸುತ್ತೋಲೆಯ ಮೂರನೇ ಪುಟದಲ್ಲಿರುತ್ತದೆ.

ಮಂಜುಳಾಳ ಕಥೆ ಸೆಪ್ಟೆಂಬರ್‌ಗೆ ಮುಗಿಯುವುದಿಲ್ಲ. ಅಕ್ಟೋಬರ್ 1ಕ್ಕೆ ಹೊಸ ಇಎಸ್‌ಐ ಅವಧಿ ಶುರು, ಅವಳ ಸಂಬಳ 21,000 ದಾಟಿದೆ, ಆದ್ದರಿಂದ ಕಡಿತ ನಿಲ್ಲುತ್ತದೆ. ಒಂದು ದಿನವೂ ತಪ್ಪಿಸದೆ ಬಂದರೆ 22,000ದಲ್ಲಿ ಪಿಎಫ್ 1,800 ಹೋಗಿ ಕೈಗೆ 20,200. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ಹಣಕ್ಕೆ ಸಿಗುವ ಸೌಲಭ್ಯದ ಅವಧಿ 2026ರ ಜನವರಿಯಿಂದ ಜೂನ್ 30ರವರೆಗೆ. ಸೆಪ್ಟೆಂಬರ್ 2025ರ ನಿಯಮವೇ ಮುಂದುವರಿದರೆ ಅಲ್ಲಿಗೆ ಅವಳ ಇಎಸ್‌ಐ ಆಸ್ಪತ್ರೆಯ ಬಾಗಿಲು ಮುಚ್ಚುತ್ತದೆ, ಬೇರೆ ಆರೋಗ್ಯ ವಿಮೆ ಮಾಡಿಸಿಕೊಳ್ಳಬೇಕಾಗುತ್ತದೆ. ಇದನ್ನು ಪೇ ಸ್ಲಿಪ್ ಹೇಳುವುದಿಲ್ಲ. ಎಚ್‌ಆರ್ ಕೋಣೆಯಲ್ಲಿ ಕೂತವರು ಅವಳನ್ನು ಕರೆದು, ಇವತ್ತೇ ಹೇಳಬೇಕು.